ಐದು ಲಿಫ್ಟ್ ಸಾಕು ಎಂಬ ಲೆಕ್ಕ ಎಲ್ಲಿ ತಪ್ಪುತ್ತದೆ?

ಬೆಂಗಳೂರಿನ ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ಸ್ ಸಿಟಿಗಳ ಬಹುಮಹಡಿ ಕಚೇರಿಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಯಿಂದ ಹತ್ತು ಗಂಟೆಯವರೆಗೆ ಲಿಫ್ಟ್ ಲಾಬಿಯಲ್ಲಿ ಸಾಲು ನಿಲ್ಲುವುದು ಈಗ ದಿನನಿತ್ಯದ ಸಂಗತಿಯಾಗಿದೆ. ಮನೆಯಿಂದ ಕೆಲಸ ಮಾಡುತ್ತಿದ್ದವರನ್ನು ಕಂಪನಿಗಳು ವಾರದ ನಿಗದಿತ ದಿನಗಳಲ್ಲಿ ಕಚೇರಿಗೆ ಕರೆಸಿಕೊಳ್ಳತೊಡಗಿದ ಮೇಲೆ, ಆ ದಿನಗಳಲ್ಲಿ ಈ ದಟ್ಟಣೆ ಇನ್ನೂ ಎದ್ದು ಕಾಣುತ್ತದೆ. ಸಾಲಿನಲ್ಲಿ ನಿಂತವರು ಸಾಮಾನ್ಯವಾಗಿ ಲಿಫ್ಟ್ ನಿಧಾನವಾಗಿದೆ ಎಂದೋ, ನಿರ್ವಹಣೆ ಸರಿಯಿಲ್ಲ ಎಂದೋ ದೂರುತ್ತಾರೆ. ಆದರೆ ಬಹಳಷ್ಟು ಸಂದರ್ಭಗಳಲ್ಲಿ ಲಿಫ್ಟ್‌ಗಳು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತವೆ. ಕಟ್ಟಡ ಇನ್ನೂ ನಕ್ಷೆಯಲ್ಲಿದ್ದಾಗ ಮಾಡಿದ ದಟ್ಟಣೆಯ ಲೆಕ್ಕದಲ್ಲಿ ಎರಡು ಅಂಕಿಗಳನ್ನು ಉದಾರವಾಗಿ ಹಿಡಿದದ್ದೇ ನಿಜವಾದ ಕಾರಣವಾಗಿರುತ್ತದೆ. ಒಂದು ಕ್ಯಾಬಿನ್‌ನಲ್ಲಿ ಎಷ್ಟು ಜನ ಹಿಡಿಯುತ್ತಾರೆ ಎಂಬುದು ಅವುಗಳಲ್ಲಿ ಮೊದಲನೆಯದು, ಕಟ್ಟಡದಲ್ಲಿ ಎಷ್ಟು ಜನ ಇರುತ್ತಾರೆ ಎಂಬುದು ಎರಡನೆಯದು. ಈ ಲೇಖನದಲ್ಲಿ ಒಂದು ಮಾದರಿ ಕಟ್ಟಡವನ್ನು ಇಟ್ಟುಕೊಂಡು ಆ ಲೆಕ್ಕವನ್ನು ಪೂರ್ತಿಯಾಗಿ ಮಾಡಿ ನೋಡೋಣ.

ನೆಲಮಹಡಿಯ ಮೇಲೆ 14 ಮಹಡಿಗಳಿರುವ ಕಚೇರಿ ಕಟ್ಟಡ ಎಂದುಕೊಳ್ಳೋಣ. ಒಂದು ಮಹಡಿಯಿಂದ ಇನ್ನೊಂದಕ್ಕೆ 4 ಮೀಟರ್ ಎತ್ತರ. ಪ್ರತಿ ಮಹಡಿಯಲ್ಲಿ ಬಳಕೆಗೆ ಸಿಗುವ ಜಾಗ 1,000 ಚದರ ಮೀಟರ್. ಒಬ್ಬರಿಗೆ 10 ಚದರ ಮೀಟರ್‌ನಂತೆ ಮಹಡಿಗೆ 100 ಜನ, ಒಟ್ಟು 1,400 ಜನ. ಎಲ್ಲರೂ ಒಂದೇ ದಿನ ಬರುವುದಿಲ್ಲವಾದ್ದರಿಂದ ಹಾಜರಾತಿ ಶೇ. 80 ಎಂದು ಹಿಡಿದರೆ, ಲೆಕ್ಕಕ್ಕೆ ಬರುವವರು 1,120 ಜನ. ಲಿಫ್ಟ್‌ಗಳು 20 ಜನರವು, ವೇಗ ಸೆಕೆಂಡಿಗೆ 2.5 ಮೀಟರ್. ಈ ಎತ್ತರದ ಕಟ್ಟಡಕ್ಕೆ ಇದರಲ್ಲಿ ಅಸಹಜವಾದದ್ದು ಏನೂ ಇಲ್ಲ.

ಇನ್ನು ಅಳತೆಗೋಲುಗಳು. ಸಾಗಣೆ ಸಾಮರ್ಥ್ಯ ಎಂದರೆ ಅತ್ಯಂತ ದಟ್ಟಣೆಯ ಐದು ನಿಮಿಷಗಳಲ್ಲಿ ಎಲ್ಲ ಲಿಫ್ಟ್‌ಗಳೂ ಸೇರಿ ನೆಲಮಹಡಿಯಿಂದ ಮೇಲಕ್ಕೆ ಒಯ್ಯಬಲ್ಲ ಜನರ ಸಂಖ್ಯೆ. ಅದನ್ನು ಕಟ್ಟಡದ ಜನಸಂಖ್ಯೆಯ ಶೇಕಡಾವಾರಿನಲ್ಲಿ ಹೇಳುವುದು ರೂಢಿ. ಮಧ್ಯಂತರ ಎಂದರೆ ನೆಲಮಹಡಿಯಿಂದ ಒಂದು ಲಿಫ್ಟ್ ಹೊರಟ ಮೇಲೆ ಮುಂದಿನದು ಹೊರಡುವವರೆಗಿನ ಸರಾಸರಿ ಸಮಯ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯು ವಿವಿಧ ಕಂಪನಿಗಳಿರುವ ಕಚೇರಿ ಕಟ್ಟಡಕ್ಕೆ ಶೇ. 10ರಿಂದ 15ರಷ್ಟು, ಒಂದೇ ಸಂಸ್ಥೆ ಇರುವ ಕಟ್ಟಡಕ್ಕೆ ಶೇ. 15ರಿಂದ 25ರಷ್ಟು ಸಾಗಣೆ ಸಾಮರ್ಥ್ಯವನ್ನು ಸೂಚಿಸುತ್ತದೆ. ಮಧ್ಯಂತರ 20ರಿಂದ 25 ಸೆಕೆಂಡ್ ಇದ್ದರೆ ಅತ್ಯುತ್ತಮ, 30ರಿಂದ 35 ಇದ್ದರೆ ಉತ್ತಮ, 45ನ್ನು ದಾಟಿದರೆ ಸಮಾಧಾನಕರವಲ್ಲ ಎಂದು ಅದು ಗುಣಮಟ್ಟವನ್ನು ವರ್ಗೀಕರಿಸುತ್ತದೆ. ನಮ್ಮ ಮಾದರಿಯಲ್ಲಿ ಹಲವು ಕಂಪನಿಗಳು ಇರುತ್ತವೆ ಎಂದು ಭಾವಿಸಿ, ಶೇ. 12ರ ಸಾಮರ್ಥ್ಯ ಮತ್ತು 30 ಸೆಕೆಂಡ್ ಮೀರದ ಮಧ್ಯಂತರವನ್ನು ಗುರಿಯಾಗಿ ಇಟ್ಟುಕೊಳ್ಳೋಣ. 1,120ರ ಶೇ. 12 ಎಂದರೆ ಐದು ನಿಮಿಷಕ್ಕೆ ಸುಮಾರು 134 ಜನ.

ಈ ಎರಡೂ ಅಳತೆಗಳು ಹುಟ್ಟುವುದು ಒಂದೇ ಮೂಲದಿಂದ. ಒಂದು ಲಿಫ್ಟ್ ನೆಲಮಹಡಿಯಲ್ಲಿ ಬಾಗಿಲು ತೆರೆದು ಜನರನ್ನು ಹತ್ತಿಸಿಕೊಂಡು, ಮೇಲೆ ಅಲ್ಲಲ್ಲಿ ನಿಂತು ಅವರನ್ನು ಇಳಿಸಿ, ಮತ್ತೆ ನೆಲಮಹಡಿಗೆ ಬಂದು ಬಾಗಿಲು ತೆರೆಯುವವರೆಗೆ ಹಿಡಿಯುವ ಸಮಯವೇ ಆ ಮೂಲ. ಅದನ್ನು ಒಂದು ಸುತ್ತಿನ ಸಮಯ, ಸೂತ್ರದಲ್ಲಿ `RTT`, ಎನ್ನೋಣ. ಬೆಳಗಿನ ಏರುಮುಖ ದಟ್ಟಣೆಗೆ, ಅಂದರೆ ಎಲ್ಲರೂ ನೆಲಮಹಡಿಯಲ್ಲಿ ಹತ್ತಿ ಮೇಲೆ ಹೋಗುವ ಸ್ಥಿತಿಗೆ, ಎಂಜಿನಿಯರುಗಳು ಬಹುಕಾಲದಿಂದ ಬಳಸುತ್ತಿರುವ ಸೂತ್ರ ಇದು:

```
RTT = 2·H·tv + (S + 1)·ts + 2·P·tp
```

ಇದರಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಪ್ರಯಾಣದ ಸಮಯ. `H` ಎಂದರೆ ಸರಾಸರಿಯಲ್ಲಿ ಲಿಫ್ಟ್ ಹಿಂದಿರುಗುವ ಅತಿ ಎತ್ತರದ ಮಹಡಿ, `tv` ಎಂದರೆ ಪೂರ್ಣ ವೇಗದಲ್ಲಿ ಒಂದು ಮಹಡಿ ದಾಟಲು ಬೇಕಾಗುವ ಸಮಯ. ನಮ್ಮಲ್ಲಿ 4 ಮೀಟರನ್ನು 2.5ರಿಂದ ಭಾಗಿಸಿದರೆ ಅದು 1.6 ಸೆಕೆಂಡ್. ಎರಡನೆಯದು ನಿಲುಗಡೆಗಳ ಸಮಯ. `S` ಎಂದರೆ ಮೇಲಿನ ನಿಲುಗಡೆಗಳ ಸಂಖ್ಯೆ, ಅದಕ್ಕೆ ಸೇರಿಸಿದ ಒಂದು ನೆಲಮಹಡಿಯದು. ಮೂರನೆಯದು ಜನ ಹತ್ತಿ ಇಳಿಯುವ ಸಮಯ. `P` ಎಂದರೆ ಒಂದು ಸುತ್ತಿನಲ್ಲಿ ಹತ್ತುವವರ ಸಂಖ್ಯೆ, `tp` ಎಂದರೆ ಒಬ್ಬರು ಹತ್ತಲು ಅಥವಾ ಇಳಿಯಲು ಹಿಡಿಯುವ ಸಮಯ. ಅದನ್ನು 1.2 ಸೆಕೆಂಡ್ ಎಂದು ಹಿಡಿಯೋಣ.

ಒಂದು ನಿಲುಗಡೆಯ ಬೆಲೆ ಎಷ್ಟು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಇಡೀ ಲೆಕ್ಕದಲ್ಲಿ ದೊಡ್ಡ ಪಾಲು ಅದರದ್ದೇ. ಬಾಗಿಲು ಮುಚ್ಚಲು 3 ಸೆಕೆಂಡ್, ಮುಚ್ಚಿದ ಮೇಲೆ ಹೊರಡುವ ಮುನ್ನ ಅರ್ಧ ಸೆಕೆಂಡ್, ಪಕ್ಕದ ಮಹಡಿಗೆ ವೇಗ ಹೆಚ್ಚಿಸಿಕೊಂಡು ಹೋಗಿ ನಿಲ್ಲಲು ಸುಮಾರು 5 ಸೆಕೆಂಡ್, ಬಾಗಿಲು ತೆರೆಯಲು 2 ಸೆಕೆಂಡ್. ಕ್ಯಾಬಿನ್ ಮಹಡಿಯ ಮಟ್ಟಕ್ಕೆ ಬರುತ್ತಿರುವಾಗಲೇ ಬಾಗಿಲು ತೆರೆಯತೊಡಗುವುದರಿಂದ ಅರ್ಧ ಸೆಕೆಂಡ್ ಉಳಿಯುತ್ತದೆ. ಒಟ್ಟು 10 ಸೆಕೆಂಡ್. ಇದರಲ್ಲಿ 1.6 ಸೆಕೆಂಡನ್ನು ಪ್ರಯಾಣದ ಭಾಗದಲ್ಲಿ ಆಗಲೇ ಎಣಿಸಿರುವುದರಿಂದ ಅದನ್ನು ಕಳೆದರೆ ಪ್ರತಿ ನಿಲುಗಡೆಗೆ 8.4 ಸೆಕೆಂಡ್ ಉಳಿಯುತ್ತದೆ. ಇದೇ ಸೂತ್ರದಲ್ಲಿನ `ts`.

ನಿಲುಗಡೆಗಳ ಸಂಖ್ಯೆ ಸಂಭವನೀಯತೆಯ ಪ್ರಶ್ನೆ. ಹತ್ತಿದವರಲ್ಲಿ ಕೆಲವರು ಒಂದೇ ಮಹಡಿಗೆ ಹೋಗುವವರಾಗಿರುತ್ತಾರೆ, ಹಾಗಾಗಿ 16 ಜನ ಹತ್ತಿದರೆ 14 ಮಹಡಿಗಳಲ್ಲಿಯೂ ಲಿಫ್ಟ್ ನಿಲ್ಲುವುದಿಲ್ಲ. ಪ್ರತಿ ಮಹಡಿಯಲ್ಲಿ ಸಮಾನ ಜನರಿದ್ದಾರೆ ಎಂದಾದರೆ, ನಿಲುಗಡೆಗಳ ನಿರೀಕ್ಷಿತ ಸಂಖ್ಯೆಯನ್ನು `S = N·(1 − (1 − 1/N)^P)` ಎಂಬ ಸೂತ್ರ ಕೊಡುತ್ತದೆ. ಇಲ್ಲಿ `N` ಮಹಡಿಗಳ ಸಂಖ್ಯೆ. 16 ಜನರಿಗೆ ಇದು 9.7 ನಿಲುಗಡೆ ಆಗುತ್ತದೆ. ಹಿಂದಿರುಗುವ ಮಹಡಿಯನ್ನೂ ಇದೇ ಬಗೆಯಲ್ಲಿ ಲೆಕ್ಕ ಹಾಕಿದರೆ 13.6 ಬರುತ್ತದೆ. ಅಂದರೆ ತುಂಬಿದ ಲಿಫ್ಟ್ ಬಹುತೇಕ ಪ್ರತಿ ಸಲವೂ ತುದಿಯ ಸಮೀಪದವರೆಗೆ ಹೋಗಿಯೇ ಬರುತ್ತದೆ.

16 ಎಂಬ ಅಂಕಿ ಎಲ್ಲಿಂದ ಬಂತು? ಲಿಫ್ಟ್‌ನ ಫಲಕದ ಮೇಲೆ ಬರೆದಿರುವ ಸಂಖ್ಯೆಯ ಶೇ. 80ರಷ್ಟು ಜನ ಸರಾಸರಿಯಾಗಿ ಹತ್ತುತ್ತಾರೆ ಎಂದು ಹಿಡಿಯುವುದು ಹಳೆಯ ಪದ್ಧತಿ. 20ರ ಶೇ. 80 ಎಂದರೆ 16. ಈ ಅಂಕಿಯನ್ನು ಸೂತ್ರದಲ್ಲಿ ಇಟ್ಟರೆ ಪ್ರಯಾಣಕ್ಕೆ 43.5 ಸೆಕೆಂಡ್, ನಿಲುಗಡೆಗಳಿಗೆ 90 ಸೆಕೆಂಡ್, ಹತ್ತಿ ಇಳಿಯಲು 38.4 ಸೆಕೆಂಡ್, ಒಟ್ಟು ಸುಮಾರು 172 ಸೆಕೆಂಡ್ ಆಗುತ್ತದೆ. ಐದು ನಿಮಿಷ ಎಂದರೆ 300 ಸೆಕೆಂಡ್. ಆ ಅವಧಿಯಲ್ಲಿ ಒಂದು ಲಿಫ್ಟ್ ಸುಮಾರು 28 ಜನರನ್ನು ಸಾಗಿಸುತ್ತದೆ. 134 ಜನರಿಗೆ ಐದು ಲಿಫ್ಟ್ ಬೇಕು. ಐದು ಲಿಫ್ಟ್‌ಗಳು 139 ಜನರನ್ನು, ಅಂದರೆ ಶೇ. 12.5ರಷ್ಟನ್ನು ಸಾಗಿಸುತ್ತವೆ. ಸಾಮರ್ಥ್ಯದ ಗುರಿ ಮುಟ್ಟಿತು. ಆದರೆ 172ನ್ನು 5ರಿಂದ ಭಾಗಿಸಿದರೆ ಮಧ್ಯಂತರ 34 ಸೆಕೆಂಡ್ ಬರುತ್ತದೆ, ಅದು ಗುರಿಯನ್ನು ಮೀರಿದೆ.

ಈಗ ಆ 16ನ್ನೇ ಪರೀಕ್ಷಿಸೋಣ. ಫಲಕದ ಮೇಲಿನ 20 ಎಂಬುದು ತೂಕದ ಲೆಕ್ಕ. ನಮ್ಮ ದೇಶದ ಮಾನಕಗಳಲ್ಲಿ ಬಹುಕಾಲ ಒಬ್ಬರಿಗೆ 68 ಕಿಲೋಗ್ರಾಂ ಎಂದು ಹಿಡಿಯಲಾಗಿದೆ, ಆದ್ದರಿಂದ 1,360 ಕಿಲೋ ಹೊರುವ ಲಿಫ್ಟ್‌ಗೆ 20 ಜನ ಎಂದು ಬರೆಯುತ್ತಾರೆ. ಯಂತ್ರದ ಸುರಕ್ಷತೆಗೆ ಈ ಲೆಕ್ಕ ಸರಿಯಾದದ್ದೇ. ಆದರೆ ಜನ ನಿಲ್ಲುವುದು ನೆಲದ ಮೇಲೆ. 2 ಮೀಟರ್ ಅಗಲ, 1.5 ಮೀಟರ್ ಆಳದ ಕ್ಯಾಬಿನ್‌ನಲ್ಲಿ 3 ಚದರ ಮೀಟರ್ ನೆಲವಿರುತ್ತದೆ. ದಟ್ಟಣೆ ವಿಶ್ಲೇಷಣೆಯಲ್ಲಿ ನಿಂತ ಒಬ್ಬ ವಯಸ್ಕರಿಗೆ 0.21 ಚದರ ಮೀಟರ್ ಬೇಕೆಂದು ಹಿಡಿಯುತ್ತಾರೆ, ಅದೂ ಒಬ್ಬರಿಗೊಬ್ಬರು ತಾಕುವಷ್ಟು ಹತ್ತಿರ ನಿಂತಾಗ. ಆ ಪ್ರಕಾರ ಈ ಕ್ಯಾಬಿನ್‌ನಲ್ಲಿ ಹಿಡಿಯುವವರು ಹೆಚ್ಚೆಂದರೆ 14 ಜನ. ಅದರ ಶೇ. 80 ಎಂದರೆ 11. ಕಚೇರಿ ಲಾಬಿಯಲ್ಲಿ ನಿಂತು ನೋಡಿದವರಿಗೆ ಇದು ಆಶ್ಚರ್ಯವೆನಿಸದು. ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಊಟದ ಡಬ್ಬಿ ಇರುವವರು ಹನ್ನೊಂದೋ ಹನ್ನೆರಡೋ ಜನ ಹತ್ತಿದ ಮೇಲೆ, ಓವರ್‌ಲೋಡ್ ಗಂಟೆ ಹೊಡೆಯದಿದ್ದರೂ, ಹೊರಗೆ ನಿಂತವರು ಒಳಗೆ ಕಣ್ಣು ಹಾಯಿಸಿ ಮುಂದಿನ ಲಿಫ್ಟ್‌ಗೆ ಬರುತ್ತೇವೆ ಎಂದು ಹಿಂದೆ ಸರಿಯುತ್ತಾರೆ. ಹೀಗಿರುವಾಗ 16 ಎಂದು ಬರೆಯುವುದು ಎಂದೂ ಹತ್ತದ ಐದು ಜನರನ್ನು ಪ್ರತಿ ಸುತ್ತಿನಲ್ಲಿಯೂ ಲೆಕ್ಕಕ್ಕೆ ಸೇರಿಸಿದಂತೆ. ಜನರ ನಿಜವಾದ ಗಾತ್ರವನ್ನು ಆಧರಿಸಿಯೇ ಲೆಕ್ಕ ಹಾಕಬೇಕು ಎಂಬುದು ಈಗ ಈ ಕ್ಷೇತ್ರದಲ್ಲಿ ಬಹುಮಟ್ಟಿಗೆ ಒಪ್ಪಿತವಾಗಿರುವ ನಿಲುವು, ಆದರೂ ಫಲಕದ ಸಂಖ್ಯೆಯಿಂದ ಆರಂಭವಾಗುವ ವರದಿಗಳು ಇನ್ನೂ ಬರುತ್ತಲೇ ಇವೆ.

11 ಜನರೊಂದಿಗೆ ಲೆಕ್ಕವನ್ನು ಮತ್ತೆ ಮಾಡಿದರೆ ನಿಲುಗಡೆಗಳು 7.8ಕ್ಕೆ ಇಳಿಯುತ್ತವೆ, ಹಿಂದಿರುಗುವ ಮಹಡಿ 13.3 ಆಗುತ್ತದೆ. ಪ್ರಯಾಣಕ್ಕೆ 42.5, ನಿಲುಗಡೆಗಳಿಗೆ 74, ಹತ್ತಿ ಇಳಿಯಲು 26.4, ಒಟ್ಟು ಸುಮಾರು 143 ಸೆಕೆಂಡ್. ಸುತ್ತು ಬೇಗ ಮುಗಿಯುತ್ತದೆ, ಆದರೆ ಒಯ್ಯುವ ಜನರೂ ಕಡಿಮೆ. ಒಂದು ಲಿಫ್ಟ್ ಐದು ನಿಮಿಷಕ್ಕೆ 23 ಜನರನ್ನು ಸಾಗಿಸುತ್ತದೆ. ಐದು ಲಿಫ್ಟ್‌ಗಳ ಮಧ್ಯಂತರ 28.6 ಸೆಕೆಂಡ್, ಗುರಿಯೊಳಗೆ ಇದೆ. ಸಾಗಣೆ ಸಾಮರ್ಥ್ಯವಾದರೋ 115 ಜನ, ಅಂದರೆ ಶೇ. 10.3 ಮಾತ್ರ.

ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಅಪಾಯ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ಐದು ಲಿಫ್ಟ್‌ಗಳು ತುಂಬಿ ಹೋದರೆ ಸಾಮರ್ಥ್ಯ ಸಿಗುತ್ತದೆ, ಮಧ್ಯಂತರ ಸಿಗುವುದಿಲ್ಲ. ಕಡಿಮೆ ಜನರೊಂದಿಗೆ ಹೋದರೆ ಮಧ್ಯಂತರ ಸಿಗುತ್ತದೆ, ಸಾಮರ್ಥ್ಯ ಸಿಗುವುದಿಲ್ಲ. ಮೊದಲ ಲೆಕ್ಕದಿಂದ ಶೇ. 12.5ನ್ನೂ ಎರಡನೆಯ ಲೆಕ್ಕದಿಂದ 28.6 ಸೆಕೆಂಡನ್ನೂ ಎತ್ತಿಕೊಂಡು ಒಂದೇ ಪುಟದಲ್ಲಿ ಬರೆದರೆ, ಐದು ಲಿಫ್ಟ್ ಸಾಕು ಎಂದು ನಂಬಿಸಬಹುದು. ಎರಡೂ ಅಂಕಿಗಳು ಬಿಡಿಬಿಡಿಯಾಗಿ ನಿಜವೇ ಆದ್ದರಿಂದ ಓದುವವರಿಗೆ ಅನುಮಾನವೂ ಬರುವುದಿಲ್ಲ. ಆದ್ದರಿಂದ ವರದಿಯನ್ನು ಪರಿಶೀಲಿಸುವವರು ಮೊದಲು ಕೇಳಬೇಕಾದ ಪ್ರಶ್ನೆ, ಸಾಮರ್ಥ್ಯವೂ ಮಧ್ಯಂತರವೂ ಒಂದೇ `P`ಯಿಂದ ಬಂದಿವೆಯೇ ಎಂಬುದು. ಇದನ್ನು ಪರೀಕ್ಷಿಸಲು ಸೂತ್ರವೂ ಬೇಕಿಲ್ಲ. 300ನ್ನು ಮಧ್ಯಂತರದಿಂದ ಭಾಗಿಸಿದರೆ ಐದು ನಿಮಿಷದಲ್ಲಿ ಎಷ್ಟು ಲಿಫ್ಟ್‌ಗಳು ಹೊರಡುತ್ತವೆ ಎಂಬುದು ಸಿಗುತ್ತದೆ. ಸಾಗಿಸುತ್ತೇವೆ ಎಂದು ಬರೆದಿರುವ ಜನರ ಸಂಖ್ಯೆಯನ್ನು ಅದರಿಂದ ಭಾಗಿಸಿದರೆ ಪ್ರತಿ ಕ್ಯಾಬಿನ್‌ನಲ್ಲಿ ಎಷ್ಟು ಜನರಿರಬೇಕು ಎಂಬುದು ತಿಳಿಯುತ್ತದೆ. ಮೇಲಿನ ಬೆರಕೆ ಲೆಕ್ಕದಲ್ಲಿ 10.5 ಲಿಫ್ಟ್‌ಗಳು 139 ಜನರನ್ನು ಒಯ್ಯಬೇಕು, ಅಂದರೆ ಕ್ಯಾಬಿನ್‌ಗೆ 13 ಜನ. ಆ ವರದಿಯ ಯಾವ ಪುಟದಲ್ಲಿಯೂ 13 ಎಂಬ ಅಂಕಿ ಇರುವುದಿಲ್ಲ.

ಆರನೆಯ ಲಿಫ್ಟ್ ಸೇರಿಸಿದರೆ ಈ ಗೊಂದಲ ತೀರುತ್ತದೆ. 11 ಜನರ ಲೆಕ್ಕದಲ್ಲಿಯೇ ಸಾಮರ್ಥ್ಯ 138 ಜನ, ಅಂದರೆ ಶೇ. 12.4, ಮಧ್ಯಂತರ 23.8 ಸೆಕೆಂಡ್. ಎರಡೂ ಗುರಿಗಳು ಪ್ರಾಮಾಣಿಕವಾಗಿ ಈಡೇರುತ್ತವೆ. ಆದರೆ ಆರನೆಯ ಶಾಫ್ಟ್ ಪ್ರತಿ ಮಹಡಿಯಲ್ಲಿಯೂ ಬಾಡಿಗೆ ತರುವ ಜಾಗವನ್ನು ನುಂಗುತ್ತದೆ, ಐದು ಸಾಕು ಎನ್ನುವ ವರದಿಯ ಮೇಲೆ ಕಟ್ಟಡದ ಮಾಲೀಕರಿಗೆ ಒಲವು ಇರುವುದು ಅದಕ್ಕಾಗಿಯೇ.

ಲಿಫ್ಟ್ ಹೆಚ್ಚಿಸುವ ಬದಲು ವೇಗ ಹೆಚ್ಚಿಸಿದರೆ ಆಗದೇ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ವೇಗವನ್ನು 2.5ರಿಂದ 3.5 ಮೀಟರ್‌ಗೆ ಏರಿಸಿದರೆ 11 ಜನರ ಸುತ್ತಿನಲ್ಲಿ ಉಳಿಯುವುದು ಸುಮಾರು 8 ಸೆಕೆಂಡ್ ಮಾತ್ರ, ಏಕೆಂದರೆ ಒಂದೆರಡು ಮಹಡಿಗೊಮ್ಮೆ ನಿಲ್ಲುವ ಲಿಫ್ಟ್ ಆ ವೇಗವನ್ನು ಮುಟ್ಟುವುದೇ ಅಪರೂಪ. ಅದರ ಬದಲು ಪ್ರತಿ ನಿಲುಗಡೆಯಲ್ಲಿ ಬಾಗಿಲಿನ ಸಮಯವನ್ನು ಒಂದೇ ಒಂದು ಸೆಕೆಂಡ್ ಕಡಿಮೆ ಮಾಡಿದರೆ 8.8 ಸೆಕೆಂಡ್ ಉಳಿಯುತ್ತದೆ. ಹೆಚ್ಚು ಬೆಲೆಯ ಮೋಟಾರಿಗಿಂತ ಒಳ್ಳೆಯ ಬಾಗಿಲಿನ ಯಂತ್ರ ಹೆಚ್ಚು ಜನರನ್ನು ಸಾಗಿಸುತ್ತದೆ ಎಂಬ ಈ ಮಾತನ್ನು ಲಿಫ್ಟ್ ಖರೀದಿಸುವವರು ಗಂಭೀರವಾಗಿ ತೆಗೆದುಕೊಳ್ಳಬೇಕು. ಇದರ ಇನ್ನೊಂದು ಮುಖವೂ ಇದೆ. ಬಾಗಿಲ ಬಳಿ ನಿಂತ ಕೊನೆಯವರ ಬೆನ್ನಚೀಲ ಸೆನ್ಸರ್‌ನ ಬೆಳಕಿನ ಗೆರೆಗೆ ಅಡ್ಡ ಬಂದರೆ, ಮುಚ್ಚುತ್ತಿದ್ದ ಬಾಗಿಲು ಮತ್ತೆ ತೆರೆದು ಮತ್ತೆ ಮುಚ್ಚಬೇಕಾಗುತ್ತದೆ. ಪೂರ್ತಿ ತೆರೆದು ಮುಚ್ಚಲು 5 ಸೆಕೆಂಡ್ ಬೇಕು. ಪ್ರತಿ ಸುತ್ತಿನಲ್ಲಿ ಒಮ್ಮೆ ಹೀಗಾದರೂ ಸಾಗಣೆ ಸಾಮರ್ಥ್ಯದ ಶೇ. 3ಕ್ಕೂ ಹೆಚ್ಚು ಭಾಗ ಅಲ್ಲಿಯೇ ಕಳೆದುಹೋಗುತ್ತದೆ.

ಬೇಸ್‌ಮೆಂಟ್ ಪಾರ್ಕಿಂಗ್ ಕೂಡ ಇಂಥದೇ ಸದ್ದಿಲ್ಲದ ನಷ್ಟ. ಎರಡು ಬೇಸ್‌ಮೆಂಟ್‌ಗಳಿಗೆ ಮುಖ್ಯ ಲಿಫ್ಟ್‌ಗಳೇ ಇಳಿದು ಬರಬೇಕಾದರೆ, ಎರಡು ಹೆಚ್ಚುವರಿ ನಿಲುಗಡೆ ಮತ್ತು ಪ್ರಯಾಣ ಸೇರಿ ಆ ಸುತ್ತಿಗೆ ಸುಮಾರು 23 ಸೆಕೆಂಡ್ ಕೂಡಿಕೊಳ್ಳುತ್ತದೆ. ಎಲ್ಲ ಸುತ್ತುಗಳೂ ಹೀಗಾದರೆ ಆರು ಲಿಫ್ಟ್‌ಗಳ ಸಾಮರ್ಥ್ಯ ಶೇ. 12.4ರಿಂದ 10.7ಕ್ಕೆ ಕುಸಿಯುತ್ತದೆ. ಬೇಸ್‌ಮೆಂಟಿನಿಂದ ನೆಲಮಹಡಿಯವರೆಗೆ ಮಾತ್ರ ಓಡಾಡುವ ಪ್ರತ್ಯೇಕ ಲಿಫ್ಟ್ ಇಡುವುದು ಇದಕ್ಕೆ ಸರಿಯಾದ ಪರಿಹಾರ.

ಇಷ್ಟೆಲ್ಲ ಎಚ್ಚರ ವಹಿಸಿ ಆರು ಲಿಫ್ಟ್‌ಗಳನ್ನು ಹಾಕಿದ ಕಟ್ಟಡವೂ ಸೋಲುವುದುಂಟು, ಅದಕ್ಕೆ ಕಾರಣ ಎರಡನೆಯ ಅಂಕಿ, ಅಂದರೆ ಜನಸಂಖ್ಯೆ. ಒಬ್ಬರಿಗೆ 10 ಚದರ ಮೀಟರ್ ಎಂದು ಲೆಕ್ಕ ಹಾಕಿ ಕಟ್ಟಿದ ಮಹಡಿಯನ್ನು ಬಾಡಿಗೆಗೆ ಪಡೆದ ಕಂಪನಿ ಉದ್ದನೆಯ ಮೇಜುಗಳನ್ನು ಸಾಲಾಗಿ ಜೋಡಿಸಿ ಒಬ್ಬರಿಗೆ 6.5 ಚದರ ಮೀಟರ್‌ನಂತೆ ಆಸನ ಹಾಕಿತು ಎಂದುಕೊಳ್ಳೋಣ. ಮಹಡಿಗೆ 154 ಜನ, ಕಟ್ಟಡಕ್ಕೆ ಸುಮಾರು 2,150 ಜನ, ಶೇ. 80ರ ಹಾಜರಾತಿಯಲ್ಲಿ 1,720ಕ್ಕೂ ಹೆಚ್ಚು ಜನ. ಗೋಡೆ, ಕಂಬ, ಶಾಫ್ಟ್ ಯಾವುದೂ ಬದಲಾಗಿಲ್ಲ, ಆದರೆ ಆರು ಲಿಫ್ಟ್‌ಗಳು ಸಾಗಿಸುವ 138 ಜನ ಈಗ ಕಟ್ಟಡದ ಶೇ. 8 ಮಾತ್ರ. ಶೇ. 12ರ ಗುರಿಗೆ ಐದು ನಿಮಿಷಕ್ಕೆ 207 ಜನರನ್ನು ಒಯ್ಯಬೇಕು, ಅದಕ್ಕೆ ಒಂಬತ್ತು ಲಿಫ್ಟ್ ಬೇಕು.

ಈ ಕಟ್ಟಡದ ಬೆಳಗಿನ ಹೊತ್ತನ್ನು ಊಹಿಸಿ. ಐದು ನಿಮಿಷಕ್ಕೆ 207 ಜನ ಬರುತ್ತಾರೆ, 138 ಜನ ಮೇಲೆ ಹೋಗುತ್ತಾರೆ, 69 ಜನ ಲಾಬಿಯಲ್ಲಿ ಉಳಿಯುತ್ತಾರೆ. ಹದಿನೈದು ನಿಮಿಷ ಹೀಗೆಯೇ ಮುಂದುವರಿದರೆ ಲಾಬಿಯಲ್ಲಿ 200ಕ್ಕೂ ಹೆಚ್ಚು ಜನ ಸೇರುತ್ತಾರೆ, ಆಗ ಸಾಲಿನ ಕೊನೆಗೆ ಬಂದು ನಿಂತವರು ಏಳು ನಿಮಿಷಕ್ಕೂ ಹೆಚ್ಚು ಕಾಯಬೇಕಾಗುತ್ತದೆ. ಈ ಇಡೀ ಹೊತ್ತಿನಲ್ಲಿ ಮಧ್ಯಂತರ ಎಷ್ಟಿರುತ್ತದೆ? ಅದೇ 23.8 ಸೆಕೆಂಡ್. ಲಿಫ್ಟ್ ನಿಯಂತ್ರಕದ ದಾಖಲೆಯನ್ನು ತೆಗೆದು ನೋಡಿದರೆ ಸಂಹಿತೆಯ ಪ್ರಕಾರ ಸೇವೆ ಅತ್ಯುತ್ತಮ ದರ್ಜೆಯದು! ಮಧ್ಯಂತರವನ್ನು ಕಾಯುವ ಸಮಯ ಎಂದು ತಿಳಿದುಕೊಳ್ಳುವುದರಿಂದ ಆಗುವ ತಪ್ಪು ಇದೇ. ಕ್ಯಾಬಿನ್ ಶೇ. 80ರಷ್ಟು ತುಂಬುತ್ತಿರುವವರೆಗೆ ಸರಾಸರಿ ಕಾಯುವ ಸಮಯ ಮಧ್ಯಂತರದ ಸುಮಾರು ಶೇ. 85ರಷ್ಟು ಇರುತ್ತದೆ ಎಂಬ ಅಂದಾಜು ನಿಲ್ಲುತ್ತದೆ. ಬರುವ ಜನ ಸಾಮರ್ಥ್ಯವನ್ನು ದಾಟಿದ ಕೂಡಲೇ ಆ ಸಂಬಂಧ ಕಡಿದುಹೋಗುತ್ತದೆ, ಅಲ್ಲಿಂದ ಮುಂದೆ ಕಾಯುವ ಸಮಯವನ್ನು ನಿರ್ಧರಿಸುವುದು ಸಾಲಿನ ಉದ್ದ. ಜನ ಇಕ್ಕಟ್ಟಾಗಿ ನಿಂತು ಪ್ರತಿ ಕ್ಯಾಬಿನ್‌ಗೆ 14 ಜನ ಹತ್ತಿದರೂ ಸುತ್ತಿನ ಸಮಯ 161 ಸೆಕೆಂಡಿಗೆ ಏರುವುದರಿಂದ ಸಾಮರ್ಥ್ಯ 156ಕ್ಕೆ ಮುಟ್ಟುತ್ತದೆ ಅಷ್ಟೆ, 207ರ ಹತ್ತಿರಕ್ಕೂ ಬರುವುದಿಲ್ಲ.

ಶೇ. 12 ಎಂಬ ಗುರಿಯೇ ನಮ್ಮ ಊರಿನ ಪರಿಸ್ಥಿತಿಗೆ ಸಾಕೇ ಎಂಬ ಅನುಮಾನವೂ ನನಗಿದೆ. ಜನ ಒಬ್ಬೊಬ್ಬರಾಗಿ, ಹರಡಿಕೊಂಡು ಬರುತ್ತಾರೆ ಎಂಬುದು ಈ ಗುರಿಯ ಹಿಂದಿರುವ ಕಲ್ಪನೆ. ಕಂಪನಿಯ ಬಸ್ಸು ಬಂದು ನಿಂತಾಗ ನಲವತ್ತು ಜನ ಒಟ್ಟಿಗೆ ಇಳಿಯುತ್ತಾರೆ. 2023ರಲ್ಲಿ ಮೆಟ್ರೊದ ವೈಟ್‌ಫೀಲ್ಡ್‌ವರೆಗಿನ ನೇರಳೆ ಮಾರ್ಗ ಪೂರ್ಣವಾಗಿ ತೆರೆದ ಮೇಲೆ, 2025ರಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯ ಮೂಲಕ ಹೋಗುವ ಹಳದಿ ಮಾರ್ಗ ಆರಂಭವಾದ ಮೇಲೆ, ನಿಲ್ದಾಣದ ಸಮೀಪದ ಕಟ್ಟಡಗಳಿಗೆ ಒಂದು ರೈಲಿನ ಜನ ಒಂದೇ ಗುಂಪಾಗಿ ಬಂದು ಸೇರುವುದು ಸಾಧ್ಯವಾಗಿದೆ. ಇಡೀ ಕಟ್ಟಡವನ್ನು ಒಂದೇ ಕಂಪನಿ ಹಿಡಿದು, ಎಲ್ಲರಿಗೂ ಒಂದೇ ಸಮಯ ನಿಗದಿಪಡಿಸಿದ್ದರೆ ಸಂಹಿತೆ ಹೇಳುವ ಶೇ. 15ರಿಂದಲೇ ಲೆಕ್ಕ ಆರಂಭಿಸಬೇಕು. ಹಾಗೆ ಮಾಡಿದರೆ ನಮ್ಮ ಮಾದರಿಯ ಮೂಲ 1,120 ಜನರಿಗೂ ಎಂಟು ಲಿಫ್ಟ್ ಬೇಕಾಗುತ್ತದೆ.

ಮುಗಿದ ಕಟ್ಟಡಕ್ಕೆ ಹೊಸ ಶಾಫ್ಟ್ ಸೇರಿಸುವುದು ಅಸಾಧ್ಯಕ್ಕೆ ಸಮ. ಹಾಗಾಗಿ ಲಾಬಿಯಲ್ಲಿಯೇ ಮಹಡಿಯನ್ನು ಒತ್ತಿ, ತನಗೆ ಗೊತ್ತುಮಾಡಿದ ಲಿಫ್ಟ್‌ಗೆ ಹೋಗಿ ನಿಲ್ಲುವ ವ್ಯವಸ್ಥೆಯನ್ನು ಈಗ ಹಲವು ಕಡೆ ಅಳವಡಿಸಲಾಗುತ್ತಿದೆ. ಒಂದೇ ಮಹಡಿಗೆ ಹೋಗುವವರನ್ನು ಒಂದೇ ಕ್ಯಾಬಿನ್‌ಗೆ ಸೇರಿಸುವುದರಿಂದ ನಿಲುಗಡೆಗಳು ಕಡಿಮೆಯಾಗುತ್ತವೆ ಎಂಬುದು ಇದರ ಬಲ. ನಮ್ಮ ಕಟ್ಟಡದಲ್ಲಿ 11 ಜನರ ನಿಲುಗಡೆಗಳು 7.8ರಿಂದ 5ಕ್ಕೆ ಇಳಿದು, ಹಿಂದಿರುಗುವ ಸರಾಸರಿ ಮಹಡಿ 12 ಆದರೆ, ಸುತ್ತು 115 ಸೆಕೆಂಡಿಗೆ ಇಳಿಯುತ್ತದೆ. ಆರು ಲಿಫ್ಟ್‌ಗಳು ಸುಮಾರು 172 ಜನರನ್ನು ಸಾಗಿಸುತ್ತವೆ. ದಟ್ಟವಾಗಿ ತುಂಬಿದ ಕಟ್ಟಡದ ಶೇ. 8 ಹೀಗೆ ಶೇ. 10ಕ್ಕೆ ಏರುತ್ತದೆ. ಇದು ಗಣನೀಯ ಲಾಭವೇ, ಆದರೆ ಶೇ. 12 ಅಲ್ಲ. ಅದೂ ಪ್ರತಿಯೊಬ್ಬರೂ ತಮ್ಮ ಮಹಡಿಯನ್ನು ತಾವೇ ಒತ್ತಿದಾಗ ಮಾತ್ರ. ಮಾತನಾಡುತ್ತಾ ಬಂದ ಐವರು ಸಹೋದ್ಯೋಗಿಗಳಲ್ಲಿ ಒಬ್ಬರು ಒತ್ತಿ ಉಳಿದವರು ಅವರ ಹಿಂದೆ ನಡೆದರೆ, ವ್ಯವಸ್ಥೆಯ ಎಣಿಕೆಯಲ್ಲಿ ಅವರು ಒಬ್ಬರೇ. ಉಳಿದ ನಾಲ್ವರ ಜಾಗವನ್ನು ಅದು ಬೇರೆಯವರಿಗೆ ಕೊಟ್ಟಿರುತ್ತದೆ, ಆ ಬೇರೆಯವರು ಬಾಗಿಲ ಬಳಿ ಬಂದಾಗ ಕ್ಯಾಬಿನ್ ತುಂಬಿರುತ್ತದೆ. ಇದನ್ನು ತಡೆಯಲು ಗುರುತಿನ ಚೀಟಿ ತೋರಿಸಿ ಒಳಬರುವ ಗೇಟಿಗೇ ಲಿಫ್ಟ್ ಹಂಚಿಕೆಯನ್ನು ಜೋಡಿಸುತ್ತಾರೆ.

ಮಧ್ಯಾಹ್ನದ ಊಟದ ಹೊತ್ತಿಗೆ ಈ ಲೆಕ್ಕಗಳು ಯಾವುವೂ ನೇರವಾಗಿ ಅನ್ವಯಿಸುವುದಿಲ್ಲ. ಕ್ಯಾಂಟೀನ್ ಮೇಲಿನ ಮಹಡಿಯಲ್ಲಿದ್ದರೆ ಜನ ಎಲ್ಲ ಮಹಡಿಗಳಿಂದ ಮೇಲಕ್ಕೂ, ಅಲ್ಲಿಂದ ಕೆಳಕ್ಕೂ, ಹೊರಗೆ ಊಟ ಮಾಡುವವರು ನೆಲಮಹಡಿಗೂ ಏಕಕಾಲಕ್ಕೆ ಓಡಾಡುತ್ತಾರೆ, ಲಿಫ್ಟ್ ಎರಡೂ ದಿಕ್ಕುಗಳಲ್ಲಿ ನಿಲ್ಲುತ್ತದೆ. ಇದಕ್ಕೆ ಸೂತ್ರ ಸಾಲದು, ಒಬ್ಬೊಬ್ಬ ಪ್ರಯಾಣಿಕರ ಆಗಮನವನ್ನೂ ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವ ಸಿಮ್ಯುಲೇಷನ್ ಬೇಕು. ಕ್ಯಾಂಟೀನ್ ಇರುವ ಕಟ್ಟಡದ ವರದಿಯಲ್ಲಿ ಬೆಳಗಿನ ಲೆಕ್ಕ ಮಾತ್ರ ಇದ್ದರೆ ಅದನ್ನು ಅಪೂರ್ಣವೆಂದು ಹಿಂದಿರುಗಿಸುವುದೇ ಸರಿ.

ಈಗಾಗಲೇ ಬಳಕೆಯಲ್ಲಿರುವ ಕಟ್ಟಡದಲ್ಲಿ ತೊಂದರೆ ಎಲ್ಲಿದೆ ಎಂಬುದನ್ನು ತಿಳಿಯಲು ಇಬ್ಬರು ಮತ್ತು ಒಂದು ಕೈಗಡಿಯಾರ ಸಾಕು. ದಟ್ಟಣೆಯ ಅರ್ಧ ಗಂಟೆಯಲ್ಲಿ ಒಬ್ಬರು ಪ್ರತಿ ಲಿಫ್ಟ್ ನೆಲಮಹಡಿಯಿಂದ ಹೊರಟ ಸಮಯವನ್ನೂ ಅದರಲ್ಲಿ ಹತ್ತಿದವರ ಸಂಖ್ಯೆಯನ್ನೂ ಬರೆದುಕೊಳ್ಳಬೇಕು. ಇನ್ನೊಬ್ಬರು ಬಾಗಿಲು ಮುಚ್ಚಿದಾಗ ಹೊರಗೆ ಉಳಿದವರನ್ನು ಎಣಿಸಬೇಕು. ಜನ ಉಳಿದಿದ್ದರೂ ಕ್ಯಾಬಿನ್ ಹೊರಟ ಸಂದರ್ಭಗಳ ಸರಾಸರಿಯೇ ಆ ಕಟ್ಟಡದ ನಿಜವಾದ ತುಂಬಿದ ಲೋಡು, ಅದು ಫಲಕದ ಸಂಖ್ಯೆಗಿಂತ ಎಷ್ಟು ಕಡಿಮೆ ಇದೆ ಎಂಬುದು ಮೊದಲ ದಿನವೇ ತಿಳಿಯುತ್ತದೆ. ಉಳಿದವರ ಸಂಖ್ಯೆ ಒಮ್ಮೆ ಏರಿ ಮುಂದಿನ ಒಂದೆರಡು ಲಿಫ್ಟ್‌ಗಳಲ್ಲಿ ಕರಗಿದರೆ ಅದು ಬಸ್ಸಿನ ಅಥವಾ ರೈಲಿನ ಗುಂಪು. ಐದೈದು ನಿಮಿಷಕ್ಕೂ ಬೆಳೆಯುತ್ತಲೇ ಹೋದರೆ ಸಾಮರ್ಥ್ಯದ ಕೊರತೆ. ಲೋಡು ಕಡಿಮೆ ಇದ್ದೂ ಮಧ್ಯಂತರ ವಿನ್ಯಾಸದಲ್ಲಿ ಹೇಳಿದ್ದಕ್ಕಿಂತ ಹೆಚ್ಚಿದ್ದರೆ ಆಗ ನಿರ್ವಹಣೆಯವರನ್ನು ಕರೆದು ಬಾಗಿಲಿನ ಸಮಯ, ಬೇಸ್‌ಮೆಂಟ್ ಕರೆಗಳು, ಸಾಮಾನು ಸಾಗಿಸಲು ತೆಗೆದಿಟ್ಟ ಲಿಫ್ಟ್ ಇವುಗಳನ್ನು ಪರಿಶೀಲಿಸಬೇಕು.

ಸಾಮರ್ಥ್ಯದ ಕೊರತೆಯೇ ಎಂದು ಖಚಿತವಾದರೆ, ಲಿಫ್ಟ್‌ಗಳನ್ನು ಮುಟ್ಟದೆಯೇ ಮಾಡಬಹುದಾದ ಕೆಲಸ ಒಂದಿದೆ. ನಮ್ಮ ದಟ್ಟ ಕಟ್ಟಡದಲ್ಲಿ ಅತಿ ದಟ್ಟಣೆಯ ಐದು ನಿಮಿಷಗಳಲ್ಲಿ ಬರುವವರು ಶೇ. 12ರ ಬದಲು ಶೇ. 8ರಷ್ಟೇ ಆದರೆ, ಇರುವ ಆರು ಲಿಫ್ಟ್‌ಗಳೇ ಅವರನ್ನು ಸಾಲಿಲ್ಲದೆ ಸಾಗಿಸುತ್ತವೆ. ಅದಕ್ಕಾಗಿ ಕೆಲಸದ ಆರಂಭದ ಸಮಯವನ್ನು ಮಹಡಿಗಳ ಗುಂಪಿಗೆ ತಕ್ಕಂತೆ ಬೇರೆ ಬೇರೆ ಮಾಡಬೇಕಾಗುತ್ತದೆ, ಮೊದಲ ಏಳು ಮಹಡಿಗಳವರಿಗೆ ಒಂಬತ್ತು ಗಂಟೆ, ಮೇಲಿನವರಿಗೆ ಒಂಬತ್ತೂವರೆ ಎಂಬಂತೆ. ಹೀಗೆ ಸಮೀಪದ ಮಹಡಿಗಳವರು ಒಟ್ಟಿಗೆ ಬಂದರೆ ನಿಲುಗಡೆಗಳೂ ಕಡಿಮೆಯಾಗುತ್ತವೆ, ಕೆಳಗಿನವರ ಸರದಿಯಲ್ಲಿ ಲಿಫ್ಟ್ ತುದಿಯವರೆಗೆ ಹೋಗಬೇಕಾದ ಸುತ್ತುಗಳೂ ಕಡಿಮೆಯಾಗುತ್ತವೆ. ಬಸ್ಸುಗಳ ವೇಳಾಪಟ್ಟಿಯನ್ನು ಇದಕ್ಕೆ ಹೊಂದಿಸುವ ಅಧಿಕಾರ ಕಟ್ಟಡದ ಮಾಲೀಕರ ಕೈಯಲ್ಲಿ ಇರುವುದಿಲ್ಲ, ಬಾಡಿಗೆಗೆ ಇರುವ ಕಂಪನಿಗಳ ಕೈಯಲ್ಲಿರುತ್ತದೆ. ಆದ್ದರಿಂದ ಬಾಡಿಗೆ ಕರಾರಿನಲ್ಲಿಯೇ ಲಿಫ್ಟ್ ಲೆಕ್ಕಕ್ಕೆ ಆಧಾರವಾದ ಮಹಡಿವಾರು ಜನಸಂಖ್ಯೆಯನ್ನು ಬರೆದು, ಅದನ್ನು ಮೀರಿ ಆಸನ ಹಾಕುವ ಕಂಪನಿ ತನ್ನ ಆರಂಭದ ಸಮಯವನ್ನು ಉಳಿದವರ ಸಮಯಕ್ಕಿಂತ ಬೇರೆಯಾಗಿ ಇಟ್ಟುಕೊಳ್ಳಬೇಕು ಎಂಬ ಷರತ್ತನ್ನು ಸೇರಿಸಬೇಕು.